‘ಜೋಮು’ ಎಂದರೆ ಸಾಲದು

ಕೀಮೋಥೆರಪಿಯಿಂದ ಕೈಕಾಲು ಮರಗಟ್ಟುವುದನ್ನು ನಮ್ಮಲ್ಲಿ ‘ಜೋಮು’ ಎಂದುಬಿಡುತ್ತಾರೆ. ಈ ಪದದ ಬಗ್ಗೆ ನನಗೆ ತಕರಾರಿದೆ. ಚಕ್ಕಳಮಕ್ಕಳ ಹಾಕಿ ಕೂತು ಎದ್ದಾಗಿನ ಜೋಮು ಎರಡು ನಿಮಿಷದಲ್ಲಿ ಬಿಡುತ್ತದೆ. ಪ್ಲಾಟಿನಂ ಮತ್ತು ಟ್ಯಾಕ್ಸೇನ್ ಗುಂಪಿನ ಔಷಧಿಗಳು ತರುವುದು ನರಕ್ಕೇ ಬಿದ್ದ ಪೆಟ್ಟು. ಅತಿ ಉದ್ದದ ನರಗಳು ಮೊದಲು ಸೋಲುವುದರಿಂದ ಅದು ಬೆರಳ ತುದಿಗಳಿಂದ ಶುರುವಾಗುತ್ತದೆ. ಕೆಲವರಲ್ಲಿ ಕೊನೆಯವರೆಗೂ ಉಳಿಯುತ್ತದೆ.

ನನ್ನ ಚಿಕ್ಕಮ್ಮನಿಗೆ ಅಂಡಾಶಯದ ಕ್ಯಾನ್ಸರಿಗೆ ಮೂರು ವಾರಕ್ಕೊಮ್ಮೆ ಪ್ಯಾಕ್ಲಿಟ್ಯಾಕ್ಸೆಲ್ ಮತ್ತು ಕಾರ್ಬೋಪ್ಲಾಟಿನ್ ಕೊಟ್ಟರು, ಒಟ್ಟು ಆರು ಸುತ್ತು. ಪ್ರತಿ ಸಲವೂ ಒಂದೇ ಪ್ರಶ್ನೆ: “ಜೋಮು ಇದೆಯೇನಮ್ಮ?” ಅವಳದೂ ಒಂದೇ ಉತ್ತರ: “ಸ್ವಲ್ಪ ಇದೆ ಸಾರ್.” ಮೂರನೆಯ ಸುತ್ತಿನ ಹೊತ್ತಿಗೆ ಅವಳಿಗೆ ರವಿಕೆಯ ಹುಕ್ಕು ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಚಪ್ಪಲಿ ಕಳಚಿ ಹಿಂದೆ ಉಳಿದದ್ದೂ ಗೊತ್ತಾಗುತ್ತಿರಲಿಲ್ಲ. ವೈದ್ಯರು ಬಳಸುವ ಅಳತೆಗೋಲಿನಲ್ಲಿ ಬಟ್ಟೆ ತೊಡುವಂಥ ಸ್ವಂತ ಕೆಲಸವೇ ಕೈತಪ್ಪಿದರೆ ಅದು ಮೂರನೆಯ ದರ್ಜೆ, ಅಂದರೆ ತೀವ್ರ. ಫೈಲಿನಲ್ಲಿ ಮಾತ್ರ ಆರೂ ಸಲ ‘ಸ್ವಲ್ಪ’.

ಇದು ಬರೀ ಪದದ ಜಗಳವಲ್ಲ. ಈ ಹಾನಿಯನ್ನು ಖಚಿತವಾಗಿ ತಡೆಯುವ ಔಷಧಿ ಇಲ್ಲ. ಇರುವ ಮುಖ್ಯ ದಾರಿ ಚಿಕಿತ್ಸೆಯ ನಡುವೆಯೇ ಗುರುತಿಸಿ ಮುಂದಿನ ಸುತ್ತನ್ನು ತಡಮಾಡುವುದು, ಪ್ರಮಾಣ ಇಳಿಸುವುದು ಅಥವಾ ಔಷಧಿ ಬದಲಿಸುವುದು. ಅಂಡಾಶಯದ ಕ್ಯಾನ್ಸರಿನಲ್ಲಿ ಅಂಥ ಬದಲಿಯೂ ಇದೆ. 2004ರಲ್ಲಿ ಪ್ರಕಟವಾದ, ಸಾವಿರಕ್ಕೂ ಹೆಚ್ಚು ಮಹಿಳೆಯರ ಅಧ್ಯಯನವೊಂದರಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಬದಲು ಡೋಸಿಟ್ಯಾಕ್ಸೆಲ್ ಕೊಟ್ಟಾಗ ಕ್ಯಾನ್ಸರಿನ ಮೇಲಿನ ಪರಿಣಾಮ ಹೆಚ್ಚುಕಡಿಮೆ ಅಷ್ಟೇ ಇತ್ತು, ನರಹಾನಿ ಬಹಳ ಕಡಿಮೆಯಿತ್ತು. ಬಿಳಿ ರಕ್ತಕಣಗಳು ಹೆಚ್ಚು ಕುಸಿದವು; ಅದು ಆ ಆಯ್ಕೆಯ ಬೆಲೆ. ಆ ಬೆಲೆ ತೆರಬೇಕೇ ಬೇಡವೇ ಎಂದು ತೂಗಿ ನೋಡುವ ಮಾತೇ ಚಿಕ್ಕಮ್ಮನ ಮುಂದೆ ಬರಲಿಲ್ಲ.

ಎಲ್ಲ ಮುಗಿದ ಮೇಲೆ ಬಂದದ್ದು ‘ನರಕ್ಕೆ ಶಕ್ತಿ’ಯ ಮಾತ್ರೆ. ಬಿ12 ಕೊರತೆ ಇದ್ದವರಿಗೆ ಬಿ12 ಬೇಕು, ಸರಿ. ಆದರೆ ಇಂಥ ಎಷ್ಟೋ ಮಾತ್ರೆಗಳಲ್ಲಿರುವ ಅಸಿಟೈಲ್ ಎಲ್-ಕಾರ್ನಿಟಿನ್ ಅನ್ನು ಟ್ಯಾಕ್ಸೇನ್ ಪಡೆಯುತ್ತಿದ್ದ ಸ್ತನ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದಾಗ ನರಹಾನಿ ಇನ್ನೂ ಹೆಚ್ಚಾಯಿತು. ಆ ಫಲಿತಾಂಶ ಬಂದದ್ದು 2013ರಲ್ಲಿ. ಅದೇ ವರ್ಷದ ಇನ್ನೊಂದು ಅಧ್ಯಯನ ಡ್ಯುಲಾಕ್ಸೆಟಿನ್ ನೋವನ್ನು ಸ್ವಲ್ಪಮಟ್ಟಿಗೆ ತಗ್ಗಿಸುತ್ತದೆಂದು ತೋರಿಸಿತು. ಆದರೆ ಉರಿ, ಚುಚ್ಚು ಕಡಿಮೆಯಾದ ಮಾತ್ರಕ್ಕೆ ಕಳೆದುಹೋದ ಸ್ಪರ್ಶ ಮರಳುವುದಿಲ್ಲ. ಸ್ಪರ್ಶವಿಲ್ಲದವರಿಗೆ ಉಳಿಯುವುದು ಎಚ್ಚರ: ಸ್ನಾನದ ನೀರನ್ನು ಮೊಣಕೈಯಿಂದ ಮುಟ್ಟಿ ನೋಡುವುದು, ರಾತ್ರಿ ಪಾದದಲ್ಲಿ ಗಾಯ ಹುಡುಕುವುದು, ಆಯ ತಪ್ಪದಂತೆ ನಡೆಯುವ ವ್ಯಾಯಾಮ.

“ಜೀವ ಉಳಿಯಿತಲ್ಲ” ಎನ್ನುವವರಿದ್ದಾರೆ. ಉಳಿದಿದೆ, ನಿಜ. ಕ್ಯಾನ್ಸರಿನ ಎದುರು ಬೆರಳಿನ ಸ್ಪರ್ಶವನ್ನು ಬಿಟ್ಟುಕೊಡಲು ಅವಳು ಒಪ್ಪುತ್ತಿದ್ದಳೇನೋ. ಆದರೆ ಕೇಳದೆ ಪಡೆದದ್ದಕ್ಕೆ ಒಪ್ಪಿಗೆ ಎಂಬ ಹೆಸರಿಲ್ಲ.

ಹಾಗಾಗಿ ‘ಜೋಮು ಇದೆಯಾ’ ಎಂಬ ಪ್ರಶ್ನೆಯನ್ನು ಕೈಬಿಡಿ. ಹುಕ್ಕು ಹಾಕಲು ಆಗುತ್ತದಾ? ನಾಣ್ಯ ಎಣಿಸಲು? ಕತ್ತಲಲ್ಲಿ ನಡೆಯಲು? ಪ್ರತಿ ಸುತ್ತಿಗೂ ಮುಂಚೆ ಇಷ್ಟನ್ನು ಕೇಳಿ. ಯಾರೂ ಕೇಳದಿದ್ದರೆ ಜೊತೆಗೆ ಹೋದವರೇ ಹೇಳಿ.