ಪಫ್ಸ್ ಬಿಡಿ, ಮೊಟ್ಟೆ ಟ್ರೇ ತನ್ನಿ

ಸಂಜೆ ಐದೂವರೆಗೆ ಲ್ಯಾಬ್ ಮುಗಿಸಿ ಬ್ಯಾಟರಾಯನಪುರದ ಯಾವ ಬೇಕರಿ ಮುಂದೆ ನಿಂತರೂ ನಮ್ಮ ಕಾಲೇಜಿನ ಐಡಿ ಕಾರ್ಡ್‌ಗಳೇ ಕಾಣಿಸ್ತವೆ. ಒಂದು ಕೈಯಲ್ಲಿ ಟೀ, ಇನ್ನೊಂದರಲ್ಲಿ ಎಗ್ ಪಫ್ಸ್. ಹೋದ ಸೆಮಿಸ್ಟರ್ ನಾನೂ ಅಲ್ಲೇ ಇದ್ದೆ. "ಮೊಟ್ಟೆ ತಿಂತಿದೀನಲ್ಲ, ಒಳ್ಳೇದೇ" ಅಂತ ಸಮಾಧಾನ ಬೇರೆ. ಆದರೆ ಪಫ್ಸ್ ಬಿಚ್ಚಿ ನೋಡಿದರೆ ಒಳಗಿರೋದು ಅರ್ಧ ಮೊಟ್ಟೆ. ಉಳಿದದ್ದೆಲ್ಲ ಮೈದಾ, ಎಣ್ಣೆ. 25 ರೂಪಾಯಿಗೆ ಮೊಟ್ಟೆಯಿಂದ ಬರೋದು ಸುಮಾರು ಮೂರು ಗ್ರಾಂ ಪ್ರೋಟೀನ್. ಅದೇ ಒಳಗಿನ ರಸ್ತೆಯ ಮೊಟ್ಟೆ ಅಂಗಡಿಯಲ್ಲಿ ನಾನು 30 ಮೊಟ್ಟೆಯ ಟ್ರೇಗೆ ಕೊಟ್ಟಿದ್ದು 210 ರೂಪಾಯಿ. ಅಂದರೆ 7 ರೂಪಾಯಿಗೆ ಒಂದು ಮೊಟ್ಟೆ, ಆರು ಗ್ರಾಂ.

ನನ್ನ ವಾದ ಇಷ್ಟೇ. ಹಾಸ್ಟೆಲ್ ಹುಡುಗರ ಊಟದ ಪ್ಲ್ಯಾನ್ ಅಂದರೆ ಮೆಸ್ ಬಿಟ್ಟು ಬೇರೆ ಅಡುಗೆ ಮಾಡಿಕೊಳ್ಳೋದಲ್ಲ. ಮೆಸ್‌ಗೆ ದುಡ್ಡು ಆಗಲೇ ಕಟ್ಟಿ ಆಗಿದೆ. ಅದರಲ್ಲಿ ಎಷ್ಟು ಕಮ್ಮಿ ಬೀಳುತ್ತೆ ಅಂತ ಲೆಕ್ಕ ಹಾಕಿ, ಅಷ್ಟನ್ನು ಮಾತ್ರ ಮೊಟ್ಟೆಯಿಂದ ತುಂಬಿಸಿದರೆ ಸಾಕು.

ನನ್ನದೇ ಲೆಕ್ಕ ನೋಡಿ. ಐಸಿಎಂಆರ್ 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ದಿನಕ್ಕೆ ಬೇಕಾದ ಪ್ರೋಟೀನ್ ಒಂದು ಕೆಜಿ ತೂಕಕ್ಕೆ 0.83 ಗ್ರಾಂ. ನಾನು 58 ಕೆಜಿ, ಅಂದರೆ 48 ಗ್ರಾಂ. ಮೆಸ್‌ನಲ್ಲಿ ಬೆಳಿಗ್ಗೆ ಇಡ್ಲಿ ಅಥವಾ ಉಪ್ಪಿಟ್ಟು, ಮಧ್ಯಾಹ್ನ ಅನ್ನ, ಸಾಂಬಾರ್, ಮಜ್ಜಿಗೆ, ರಾತ್ರಿ ಮೂರು ಚಪಾತಿ, ಪಲ್ಯ, ಸ್ವಲ್ಪ ಅನ್ನ. ಒಂದು ಚಪಾತಿಗೆ ಮೂರು ಗ್ರಾಂ, ಒಂದು ಕಪ್ ಅನ್ನಕ್ಕೆ ನಾಲ್ಕು ಅಂತ ಕೂಡಿಸುತ್ತಾ ಹೋದರೆ 30ರ ಹತ್ತಿರ ನಿಲ್ಲುತ್ತೆ. ಮೆಸ್ ಸಾಂಬಾರಲ್ಲಿ ಬೇಳೆ ಎಷ್ಟಿರುತ್ತೆ ಅಂತ ನಿಮಗೇ ಗೊತ್ತು! ಕಮ್ಮಿ ಬಿದ್ದಿದ್ದು 18 ಗ್ರಾಂ. ಮೂರು ಮೊಟ್ಟೆಗೆ ಸರಿಹೋಯ್ತು.

ಇನ್ನು ಬೇಯಿಸೋದು ಹೇಗೆ? ನಮ್ಮ ಹಾಸ್ಟೆಲ್‌ನಲ್ಲಿ ಇಂಡಕ್ಷನ್ ಸ್ಟವ್ ಇಡೋ ಹಾಗಿಲ್ಲ, ಕೆಟಲ್ ಇಡಬಹುದು. ಮೊದಲು ಕೆಟಲ್‌ನಲ್ಲೇ ಬೇಯಿಸಿದೆ. ಒಂದು ಮೊಟ್ಟೆ ಒಡೆದು ಬಿಳಿ ಎಲ್ಲಾ ತಳಕ್ಕೆ ಅಂಟಿತು. ರೂಮ್‌ಮೇಟ್ ಮೊಟ್ಟೆ ತಿನ್ನಲ್ಲ, ಅವನ ಟೀನೂ ಅದೇ ಕೆಟಲ್‌ನಲ್ಲಿ. "ಲೋ ಮಗಾ, ನಿನ್ ಮೊಟ್ಟೆ ಇದ್ರೊಳಗೆ ಬರ್ಬಾರ್ದು ಅಷ್ಟೇ" ಅಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆಮೇಲೆ ಸಿಕ್ಕ ದಾರಿ ಹಾಟ್‌ಬಾಕ್ಸ್. ಅಮ್ಮ ಊರಿಂದ ಚಪಾತಿ ಕಟ್ಟಿಕೊಟ್ಟ ಡಬ್ಬಿಯೇ ಇದಕ್ಕೆ ಆಯ್ತು. ಡಬ್ಬಿಗೆ ಮೊದಲು ಸ್ವಲ್ಪ ಬಿಸಿನೀರು ಹಾಕಿ ಒಂದು ನಿಮಿಷ ಬಿಟ್ಟು ಚೆಲ್ಲಿ. ಮೂರು ಮೊಟ್ಟೆ ಇಡಿ. ಕುದಿಯೋ ನೀರು ಒಂದು ಲೀಟರ್ ಸುರಿದು, ಮುಚ್ಚಳ ಬಿಗಿಯಾಗಿ ಹಾಕಿ 25 ನಿಮಿಷ ಮುಟ್ಟಬೇಡಿ. ಸ್ನಾನ ಮಾಡಿ ಬರೋಷ್ಟರಲ್ಲಿ ಬೆಂದಿರುತ್ತೆ. ಕೆಟಲ್‌ಗೆ ಮೊಟ್ಟೆ ಸೋಕೋದೇ ಇಲ್ಲ.

ಇದು ಯಾಕೆ ಕೆಲಸ ಮಾಡುತ್ತೆ ಅನ್ನೋದು ಫಸ್ಟ್ ಇಯರ್ ಫಿಸಿಕ್ಸ್. ಬೆಂಗಳೂರು 900 ಮೀಟರ್ ಎತ್ತರದಲ್ಲಿರೋದರಿಂದ ಇಲ್ಲಿ ನೀರು ಕುದಿಯೋದು 97 ಡಿಗ್ರಿ ಹತ್ತಿರ. ಆ ಒಂದು ಲೀಟರ್ ನೀರಿಗೆ ಮೂರು ತಣ್ಣನೆ ಮೊಟ್ಟೆ ಬಿದ್ದರೆ ಎರಡೂ ಸೇರಿ 89 ಡಿಗ್ರಿ ಆಸುಪಾಸಿಗೆ ಬರುತ್ತೆ. ಹಳದಿ ಗಟ್ಟಿಯಾಗೋಕೆ 70 ಸಾಕು. ಒಂದು ಸಲ ದುರಾಸೆಗೆ ಬಿದ್ದು ಅರ್ಧ ಲೀಟರ್ ನೀರಿಗೆ ಐದು ಮೊಟ್ಟೆ ಹಾಕಿದೆ. ಅದೇ ಲೆಕ್ಕ 77ಕ್ಕೆ ಇಳಿಯುತ್ತೆ, ಡಬ್ಬಿ ಎಳೆದುಕೊಳ್ಳೋ ಬಿಸಿ ಬೇರೆ. ಒಡೆದರೆ ಬಿಳಿಯೇ ಲೊಳಲೊಳ. ಒಡೆಯೋಕೆ ಮುಂಚೆ ಟೇಬಲ್ ಮೇಲೆ ಬುಗುರಿ ಥರ ತಿರುಗಿಸಿ ನೋಡಿ. ಬೆಂದಿದ್ದರೆ ನೀಟಾಗಿ ತಿರುಗುತ್ತೆ, ಹಸಿ ಇದ್ದರೆ ಓಲಾಡುತ್ತೆ. ಸ್ವಲ್ಪವೇ ಬೆಂದಿರೋದು ಕೆಲವು ಸಲ ಈ ಟೆಸ್ಟ್ ಪಾಸ್ ಆಗಿಬಿಡುತ್ತೆ, ಹಾಗಾಗಿ ಮೊದಲನೇದನ್ನು ಕತ್ತರಿಸಿ ನೋಡಿ. ಹಳದಿ ಹರಿದರೆ ಉಳಿದವಕ್ಕೆ ಹೊಸದಾಗಿ ಕುದಿಯೋ ನೀರು, ಇನ್ನು ಹತ್ತು ನಿಮಿಷ.

ಈಗ ವಾರದ ಪ್ಲ್ಯಾನ್. ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ ತಿಂಡಿ ಜೊತೆ ಎರಡು, ರಾತ್ರಿ ಊಟಕ್ಕೆ ಒಂದು. ರಾತ್ರಿಯದನ್ನು ಎರಡು ಹೋಳು ಮಾಡಿ ಸಾಂಬಾರಿಗೆ ಹಾಕಿಕೊಂಡರೆ ಮೆಸ್ ಸಾಂಬಾರಿಗೂ ಒಂದು ಅರ್ಥ ಬರುತ್ತೆ. ಮೂರನ್ನೂ ಬೆಳಿಗ್ಗೆಯೇ ಬೇಯಿಸಿ ಇಡಬೇಡಿ. ಬೇಯಿಸಿದ ಮೊಟ್ಟೆ ಫ್ರಿಜ್ ಇಲ್ಲದೆ ಎರಡು ಗಂಟೆಗಿಂತ ಜಾಸ್ತಿ ಇಡೋದು ಒಳ್ಳೇದಲ್ಲ. ಅದಕ್ಕಿಂತ ಹಸಿ ಮೊಟ್ಟೆಯೇ ಹೆಚ್ಚು ದಿನ ಬರುತ್ತೆ.

ಶನಿವಾರ ನಮ್ಮನೇಲಿ ಮೊಟ್ಟೆ ಮುಟ್ಟಲ್ಲ. "ಹಾಸ್ಟೆಲ್‌ನಲ್ಲಿದ್ರೂ ಶನಿವಾರ ಬೇಡ ಕಣೋ" ಅಂತ ಅಮ್ಮ ಹೇಳಿದ್ದಾರೆ. ನಿಮಗೆ ಅದು ಸೋಮವಾರವೋ ಗುರುವಾರವೋ ಇರಬಹುದು. ಆ ದಿನ ಹುರಿದ ಕಡ್ಲೆಕಾಯಿ ಬೀಜ 70 ಗ್ರಾಂ, ಅಂದರೆ ಎರಡು ದೊಡ್ಡ ಹಿಡಿ. ಅದರಲ್ಲೂ ಸುಮಾರು 18 ಗ್ರಾಂ ಸಿಗುತ್ತೆ. ಇದೇನು ನಾನು ಕಂಡುಹಿಡಿದಿದ್ದಲ್ಲ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡ್ತಾರೆ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಜೊತೆ ಸೇರಿ ಅದನ್ನು ವಾರಕ್ಕೆ ಆರು ದಿನ ಮಾಡಿದರು. ಆಗ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಕೊಡ್ತಿದ್ದರು. ಪ್ರೋಟೀನ್ ಲೆಕ್ಕದಲ್ಲಿ ಮೊಟ್ಟೆಗೆ ಹತ್ತಿರ ಬರೋದು ಚಿಕ್ಕಿಯೇ, ಬಾಳೆಹಣ್ಣಲ್ಲ.

ಭಾನುವಾರ ರಾತ್ರಿ ಮೆಸ್ ಇರಲ್ಲ, ದುಡ್ಡು ಜಾಸ್ತಿ ಹೋಗೋದು ಅವತ್ತೇ. ಬೆಳಿಗ್ಗೆ ಎರಡು ಮೊಟ್ಟೆ. ರಾತ್ರಿಗೆ ಮೂರು ಬೇಯಿಸಿ ಹೆಚ್ಚಿ, ಕಡ್ಲೆಪುರಿ, ಈರುಳ್ಳಿ, ಟೊಮೆಟೊ, ಹಸಿಮೆಣಸು, ನಿಂಬೆರಸ, ಉಪ್ಪು ಹಾಕಿ ಕಲಸಿದರೆ ಮೊಟ್ಟೆ ಚುರುಮುರಿ. ಸ್ಟವ್ ಬೇಡ, ಪಾತ್ರೆ ಒಂದೇ.

ವಾರಕ್ಕೆ ಒಟ್ಟು 20 ಮೊಟ್ಟೆ, 140 ರೂಪಾಯಿ. ಕಡ್ಲೆಕಾಯಿ ಬೀಜ, ಕಡ್ಲೆಪುರಿ, ಈರುಳ್ಳಿ ಎಲ್ಲಾ ಸೇರಿ 45. ಒಟ್ಟು 185. ಮುಂಚೆ ವಾರಕ್ಕೆ ಆರು ದಿನ ಟೀ, ಪಫ್ಸ್, ಭಾನುವಾರ ಆರ್ಡರ್ ಅಂತ 400 ದಾಟುತ್ತಿತ್ತು. ಅಪ್ಪ ತಿಂಗಳಿಗೆ ಕಳಿಸೋ 2000ದಲ್ಲಿ ಇಪ್ಪತ್ತನೇ ತಾರೀಖಿಗೆ ಕೈ ಖಾಲಿ. ಮತ್ತೆ ಫೋನ್ ಮಾಡಿ ಕೇಳಬೇಕಿತ್ತು. ಅಪ್ಪ ಇಲ್ಲ ಅಂದಿದ್ದಿಲ್ಲ, ಆದರೆ ಒಂದು ಕ್ಷಣ ಸುಮ್ಮನಾಗೋರು. ಆ ಮೌನ ನನಗೆ ಇಷ್ಟ ಆಗ್ತಿರಲಿಲ್ಲ.

"ಕಡ್ಲೆಕಾಯಿ ಇನ್ನೂ ಚೀಪ್ ಅಲ್ವಾ, ಅದನ್ನೇ ದಿನಾ ತಿನ್ನು" ಅಂತ ಕ್ಲಾಸ್‌ಮೇಟ್ ಒಬ್ಬಳು ಕೇಳಿದಳು. ಸರಿಯಾದ ಪ್ರಶ್ನೆ. ಒಂದು ಗ್ರಾಂ ಪ್ರೋಟೀನ್‌ಗೆ ಮೊಟ್ಟೆ 1 ರೂಪಾಯಿ 17 ಪೈಸೆ, ಕಡ್ಲೆಕಾಯಿ 65 ಪೈಸೆ. ಆದರೆ 70 ಗ್ರಾಂ ಬೀಜದಲ್ಲಿ 400 ಕ್ಯಾಲೊರಿ, ಮೂರು ಮೊಟ್ಟೆಯಲ್ಲಿ ಅದರ ಅರ್ಧ. ಜೊತೆಗೆ ನಾವು ತಿನ್ನೋ ಅನ್ನ, ಚಪಾತಿಯಲ್ಲಿ ಕಮ್ಮಿ ಇರೋದು ಲೈಸಿನ್ ಅನ್ನೋ ಅಮೈನೋ ಆಸಿಡ್. ಕಡ್ಲೆಕಾಯಿಯಲ್ಲೂ ಅದು ಅಷ್ಟಕ್ಕಷ್ಟೇ, ಮೊಟ್ಟೆಯಲ್ಲಿ ಚೆನ್ನಾಗಿದೆ. ಹಾಗಾಗಿ ವಾರಕ್ಕೊಂದು ದಿನಕ್ಕೆ ಕಡ್ಲೆಕಾಯಿ, ಉಳಿದ ದಿನಕ್ಕೆ ಮೊಟ್ಟೆ. ಹಾಗಂತ ಪಲ್ಯ ಬಿಡಬೇಡಿ, ಮೊಟ್ಟೆಯಲ್ಲಿ ನಾರಿನಂಶ ಸೊನ್ನೆ, ವಿಟಮಿನ್ ಸಿ ಕೂಡ ಇಲ್ಲ. ಕೊಲೆಸ್ಟ್ರಾಲ್ ಅಥವಾ ಕಿಡ್ನಿ ತೊಂದರೆ ಇರೋರು ಡಾಕ್ಟರ್ ಕೇಳಿ ಶುರು ಮಾಡಿ.

ಟ್ರೇ ತರುವಾಗ ಒಂದು ಮಾತು. ಒಬ್ಬರಿಗೆ 30 ಮೊಟ್ಟೆ ಹತ್ತು ದಿನ ಬರುತ್ತೆ. ಬೇಸಿಗೆಯಲ್ಲಿ ರೂಮ್ ಸುಡುವಾಗ ಅಷ್ಟು ದಿನ ಇಡಬೇಡಿ, ಪಕ್ಕದ ರೂಮಿನವರ ಜೊತೆ ಅರ್ಧ ಮಾಡಿಕೊಳ್ಳಿ. ಅನುಮಾನ ಬಂದರೆ ಮೊಟ್ಟೆಯನ್ನು ಒಂದು ಲೋಟ ನೀರಿಗೆ ಬಿಡಿ. ತೇಲಿದರೆ ಹಳೇದು, ಎಸೆಯಿರಿ. ಎಸೆದರೂ ಹೋಗೋದು 7 ರೂಪಾಯಿ ಅಷ್ಟೇ.