ಹೊಗೆ ನಿಂತ ಮೇಲಿನ ಕೆಂಡ

2024ರ ಜನವರಿಯ ಚಳಿಯಲ್ಲಿ ದೆಹಲಿಯ ಅಲಿಪುರದ ಮನೆಯೊಂದರಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು ಮುಚ್ಚಿದ ಕೋಣೆಯಲ್ಲಿ ಅಂಗೀಠಿ ಉರಿಸಿಕೊಂಡು ಮಲಗಿದವರು ಮತ್ತೆ ಏಳಲಿಲ್ಲ. ಇಂಥ ಸುದ್ದಿಗೆ ‘ಹೊಗೆಯಿಂದ ಉಸಿರುಗಟ್ಟಿ ಸಾವು’ ಎಂಬ ತಲೆಬರಹ ಕೊಡುವುದು ರೂಢಿ. ಅದು ಓದುಗರ ದಾರಿ ತಪ್ಪಿಸುತ್ತದೆ. ಹೊಗೆ ಇದ್ದಿದ್ದರೆ ಅವರು ಕೆಮ್ಮಿ, ಕಣ್ಣುಜ್ಜಿಕೊಂಡು ಬಾಗಿಲು ತೆರೆಯುತ್ತಿದ್ದರು.

ನಮ್ಮಲ್ಲೂ ಬಾಣಂತಿ ಕೋಣೆಗೆ ಅಗ್ಗಿಷ್ಟಿಕೆ ಇಡುವ ಮನೆಗಳಿವೆ. ಹಿರಿಯರು ಇದ್ದಿಲನ್ನು ಹಿತ್ತಿಲಲ್ಲೇ ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಡ ನಿಗಿನಿಗಿ ಎಂದ ಮೇಲೆ ಒಳಗೆ ತರುತ್ತಾರೆ. ಕಾಳಜಿಯಿಂದ ಮಾಡುವ ಕೆಲಸವೇ. ಆದರೆ ಕೆಂಡದ ರಾಶಿಯ ತಳದಲ್ಲಿ ಹುಟ್ಟುವ ಕಾರ್ಬನ್ ಡೈಆಕ್ಸೈಡ್, ಮೇಲಿನ ಕಾದ ಇದ್ದಿಲನ್ನು ಹಾದುಬರುವಾಗ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಕೆಂಡದ ಮೇಲೆ ಆಡುವ ನೀಲಿ ಜ್ವಾಲೆ ಈ ಅನಿಲವೇ ಉರಿಯುವುದು. ಜ್ವಾಲೆ ಅಡಗಿ ಬೂದಿ ಮುಸುಕಿದಾಗ ಅದು ಉರಿಯದೆ ಕೋಣೆಗೆ ಸೇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಪಕ್ಕದಲ್ಲಿ ನೀರಿನ ಪಾತ್ರೆ ಇಟ್ಟರೂ ಉಪಯೋಗವಿಲ್ಲ, ಅದು ನೀರಿನಲ್ಲಿ ಕರಗುವುದು ತೀರ ಕಡಿಮೆ.

ಎಷ್ಟು ಇದ್ದಿಲು ಸಾಕು? ಉದ್ದ, ಅಗಲ, ಎತ್ತರ ಹತ್ತತ್ತು ಅಡಿಯ ಕೋಣೆಯಲ್ಲಿ ಸುಮಾರು 28,000 ಲೀಟರ್ ಗಾಳಿ ಇರುತ್ತದೆ. ಅದರಲ್ಲಿ ಸಾವಿರಕ್ಕೊಂದು ಪಾಲು, ಅಂದರೆ 28 ಲೀಟರ್ ಈ ಅನಿಲ ಸೇರಿದರೆ ಒಂದೆರಡು ಗಂಟೆಯಲ್ಲಿ ಪ್ರಜ್ಞೆ ತಪ್ಪಬಹುದು. ಅಷ್ಟು ಅನಿಲದಲ್ಲಿರುವ ಇಂಗಾಲ ಸುಮಾರು 14 ಗ್ರಾಂ. ಇದ್ದಿಲಿನ ಹತ್ತರಲ್ಲೊಂದು ಪಾಲು ಹೀಗೆ ಮಾರ್ಪಟ್ಟರೂ, ಬಿಗಿಯಾಗಿ ಮುಚ್ಚಿದ ಕೋಣೆಗೆ 140 ಗ್ರಾಂ ಸಾಕು.

ಇಷ್ಟಾದರೂ ದೇಹ ಯಾಕೆ ಕೂಗುವುದಿಲ್ಲ? ಉಸಿರು ಕಟ್ಟಿದಂತೆ ನಮಗೆ ಅನಿಸುವುದು ಮುಖ್ಯವಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಾದಾಗ. ಇಲ್ಲಿ ಆಗುವುದೇ ಬೇರೆ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಮಾನಾಕ್ಸೈಡ್ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಆಮ್ಲಜನಕದ ಜಾಗ ಕಸಿಯುತ್ತದೆ. ಉಸಿರಾಟ ಸರಾಗವಾಗಿಯೇ ಸಾಗುತ್ತಿರುತ್ತದೆ, ಮಿದುಳು ಮಾತ್ರ ಹಸಿಯುತ್ತದೆ. ತಲೆನೋವು, ವಾಕರಿಕೆ, ಮಂಪರು ಬರುತ್ತವೆ. ಎಚ್ಚರವಾಗಿ ಏಳಬೇಕೆಂದರೂ ಕಾಲು ಕೇಳುವುದಿಲ್ಲ. ಮಲಗಿದ್ದವರಿಗೆ ಈ ಸೂಚನೆಗಳೂ ತಿಳಿಯುವುದಿಲ್ಲ. ಬೇಗ ಬೇಗ ಉಸಿರಾಡುವ ಹಸುಗೂಸಿಗೆ ವಿಷ ಇನ್ನೂ ಬೇಗ ಏರುತ್ತದೆ.

ಜ್ವರವಿಲ್ಲದೆ ಮನೆಮಂದಿಗೆಲ್ಲ ಒಟ್ಟಿಗೆ ತಲೆನೋವು, ವಾಂತಿ ಶುರುವಾಗಿ, ಹೊರಗೆ ಬಂದಾಗ ಹಗುರೆನಿಸಿದರೆ ಅದನ್ನು ಊಟದ ದೋಷ ಎಂದುಕೊಳ್ಳಬೇಡಿ. ಬಾಗಿಲು ತೆರೆದು ಎಲ್ಲರನ್ನೂ ಹೊರಗೆ ತನ್ನಿ, ಆಸ್ಪತ್ರೆಯಲ್ಲಿ ಕೆಂಡದ ವಿಷಯ ಮೊದಲು ಹೇಳಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈ ವಿಷವನ್ನೂ ಆಮ್ಲಜನಕವೆಂದೇ ಓದಿ 98 ತೋರಿಸಬಹುದು. ಬರಿ ಗಾಳಿಯಲ್ಲಿ ರಕ್ತದೊಳಗಿನ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು, ಮಾಸ್ಕ್‌ನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆ.