ಅದು ಮುಟ್ಟಲ್ಲ, ಮಾತ್ರೆ ಬಿಟ್ಟಿದ್ದರ ಗುರುತು

‘ಮಾತ್ರೆ ಶುರು ಮಾಡಿದ ಮೇಲೆ ನನ್ನ ಪಿರಿಯಡ್ಸ್ ಸರಿಯಾಗಿ 28 ದಿನಕ್ಕೇ ಬರ್ತಿದೆ, ಪಿಸಿಒಡಿ ವಾಸಿಯಾಯ್ತು ಕಣೇ’ ಎನ್ನುವ ಮಾತು ಹಾಸ್ಟೆಲ್‌ಗಳಲ್ಲಿ ಆಗಾಗ ಕೇಳಿಬರುತ್ತದೆ. ಸಂತೋಷದ ಮಾತೇನೋ ಹೌದು. ಆದರೆ ಆ ರಕ್ತಸ್ರಾವ ನಿಜವಾದ ಮುಟ್ಟಲ್ಲ. ಇದನ್ನು ಮಾತ್ರೆ ಬರೆದುಕೊಟ್ಟ ದಿನವೇ ವೈದ್ಯರು ಹುಡುಗಿಗೆ ಬಿಡಿಸಿ ಹೇಳಬೇಕು ಎಂಬುದು ನನ್ನ ವಾದ.

ಸಹಜ ಋತುಚಕ್ರದಲ್ಲಿ ಅಂಡಾಶಯದೊಳಗೆ ಒಂದು ಅಂಡ ಬೆಳೆಯುತ್ತದೆ. ಆಗ ಸ್ರವಿಸುವ ಈಸ್ಟ್ರೋಜನ್‌ನಿಂದ ಗರ್ಭಕೋಶದ ಒಳಪದರ ದಪ್ಪವಾಗುತ್ತದೆ. ಅಂಡ ಹೊರಬಂದ ಮೇಲೆ ಅಂಡಾಶಯವೇ ಪ್ರೊಜೆಸ್ಟರಾನ್ ತಯಾರಿಸಿ ಆ ಪದರವನ್ನು ಕಾಪಾಡುತ್ತದೆ. ಗರ್ಭ ನಿಲ್ಲದಿದ್ದರೆ ಸುಮಾರು ಎರಡು ವಾರದಲ್ಲಿ ಪ್ರೊಜೆಸ್ಟರಾನ್ ಇಳಿದು, ಪದರ ಕಳಚಿ ಹೊರಬರುತ್ತದೆ. ಅದು ಮುಟ್ಟು.

ಇನ್ನು ಮಾತ್ರೆಯ ಕಥೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್ ಪಟ್ಟಿಯನ್ನೇ ನೋಡಿ. ಅದರಲ್ಲಿರುವ 28 ಮಾತ್ರೆಗಳಲ್ಲಿ ಹಾರ್ಮೋನ್ ಇರುವುದು 21ರಲ್ಲಿ ಮಾತ್ರ. ಉಳಿದ 7 ಕಬ್ಬಿಣಾಂಶದ ಮಾತ್ರೆಗಳು. ಮೂರು ವಾರ ಹೊರಗಿನಿಂದ ಹಾರ್ಮೋನ್ ಸಿಗುತ್ತಿರುವುದರಿಂದ ಮೆದುಳು ಅಂಡಾಶಯಕ್ಕೆ ಕೆಲಸದ ಸೂಚನೆ ಕಳುಹಿಸುವುದಿಲ್ಲ, ಅಂಡ ಬಿಡುಗಡೆಯಾಗುವುದಿಲ್ಲ. ಒಳಪದರವೂ ತೆಳುವಾಗಿಯೇ ಉಳಿಯುತ್ತದೆ. ನಾಲ್ಕನೇ ವಾರ ಹಾರ್ಮೋನ್ ನಿಂತಾಗ, ಸಾಮಾನ್ಯವಾಗಿ ಎರಡು-ಮೂರು ದಿನದಲ್ಲಿ ಆ ತೆಳು ಪದರ ಕಳಚುತ್ತದೆ. ಹೆಚ್ಚಿನವರಿಗೆ ಸ್ರಾವವೂ ನೋವೂ ಕಡಿಮೆ ಇರುವುದು ಇದಕ್ಕೇ. ಅಂದರೆ ಈ ದಿನವನ್ನು ಗೊತ್ತುಮಾಡಿದ್ದು ಅಂಡಾಶಯವಲ್ಲ, ಮಾತ್ರೆಯ ಪಟ್ಟಿ.

ಹಾಗಾಗಿ ಪಿಸಿಒಡಿ ಇರುವವರಿಗೆ 28 ದಿನಕ್ಕೆ ಸ್ರಾವವಾದರೆ ಅಂಡಾಶಯ ಸರಿಹೋಗಿದೆ ಎಂದು ಅರ್ಥವಲ್ಲ. ಮಾತ್ರೆ ವ್ಯರ್ಥ ಎಂದೂ ಅಲ್ಲ. ತಿಂಗಳುಗಟ್ಟಲೆ ಮುಟ್ಟಾಗದೆ ಒಳಪದರ ಅತಿಯಾಗಿ ಬೆಳೆಯುವುದನ್ನು ಅದು ತಡೆಯುತ್ತದೆ. ಮೊಡವೆ, ಅನಗತ್ಯ ಕೂದಲು ಕಡಿಮೆಯಾಗಲೂ ನೆರವಾಗುತ್ತದೆ. ಆದರೆ ಸ್ವಂತ ಚಕ್ರ ಹೇಗಿದೆ ಎಂದು ಗೊತ್ತಾಗುವುದು ಮಾತ್ರೆ ನಿಲ್ಲಿಸಿ ಕೆಲವು ತಿಂಗಳು ಕಳೆದ ಮೇಲೆಯೇ. ಮಾತ್ರೆ ನುಂಗುತ್ತಿರುವಾಗ ಮೊಬೈಲ್ ಆ್ಯಪ್‌ನಲ್ಲಿ ದಿನಾಂಕ ತುಂಬಿದರೆ, ಅದು ತೋರಿಸುವ ‘ಅಂಡೋತ್ಪತ್ತಿಯ ದಿನ’ಕ್ಕೂ ಅರ್ಥವಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ದುಬಾರಿ. ಗರ್ಭನಿರೋಧಕ್ಕಾಗಿ ಮಾತ್ರೆ ತೆಗೆದುಕೊಳ್ಳುವ ಯುವತಿಯೊಬ್ಬಳ 21ನೇ ಮಾತ್ರೆ ಭಾನುವಾರ ಮುಗಿಯಿತು ಎಂದುಕೊಳ್ಳಿ. ಬುಧವಾರ ಸ್ರಾವ ಶುರುವಾಯಿತು. ಮುಂದಿನ ಸೋಮವಾರ ಹೊಸ ಪಟ್ಟಿ ಆರಂಭವಾಗಬೇಕಿತ್ತು. ಊರಿಗೆ ಹೋದವಳು ಪಟ್ಟಿ ಮರೆತು ಬುಧವಾರ ಶುರುಮಾಡಿದಳು. ‘ಹೇಗೂ ಮುಟ್ಟಾಗಿದೆಯಲ್ಲ’ ಎಂಬ ಧೈರ್ಯ ಅವಳದು. ಆದರೆ ಹಾರ್ಮೋನ್ ಇಲ್ಲದ ದಿನಗಳು ಏಳರ ಬದಲು ಒಂಬತ್ತಾದವು. ಏಳು ದಿನದ ಬಿಡುವಿನಲ್ಲಿ ಅಂಡಾಶಯ ಆಗಲೇ ಮೈಮುರಿಯತೊಡಗಿರುತ್ತದೆ; ಬಿಡುವು ಹಿಗ್ಗಿದರೆ ಅಂಡ ಬಿಡುಗಡೆಯಾಗಬಹುದು. ನಡುವೆ ಬಂದುಹೋದ ಸ್ರಾವ ಅದನ್ನು ತಡೆಯಲಾರದು. ಇಂಥ ಸಂದರ್ಭದಲ್ಲಿ ಹಾರ್ಮೋನ್ ಮಾತ್ರೆಯನ್ನು ಬಿಡದೆ ಏಳು ದಿನ ನುಂಗುವವರೆಗೆ ಕಾಂಡೋಮ್ ಬೇಕು. ಆ ದಿನಗಳಲ್ಲಿ ಅಸುರಕ್ಷಿತ ಸಂಪರ್ಕವಾಗಿದ್ದರೆ ತುರ್ತು ಮಾತ್ರೆಯ ಬಗ್ಗೆ ತಡಮಾಡದೆ ವೈದ್ಯರನ್ನು ಕೇಳಬೇಕು.

ಇದರ ಮತ್ತೊಂದು ಮುಖವೂ ಇದೆ. ಒಂದು ಮಾತ್ರೆಯೂ ತಪ್ಪದಿದ್ದರೂ ಕೆಲವೊಮ್ಮೆ ಆ ವಾರ ಸ್ರಾವವೇ ಆಗದಿರಬಹುದು. ಪದರ ಅಷ್ಟು ತೆಳುವಾಗಿದ್ದರೆ ಕಳಚಲು ಏನೂ ಇರುವುದಿಲ್ಲ. ‘ಕೆಟ್ಟ ರಕ್ತ’ ಒಳಗೇ ಉಳಿಯಿತು ಎಂದು ಹೆದರಬೇಕಿಲ್ಲ. ಮಾತ್ರೆ ತಪ್ಪಿದ್ದರೆ, ಅಥವಾ ಸತತ ಎರಡು ಪಟ್ಟಿ ಮುಗಿದರೂ ಸ್ರಾವವಾಗದಿದ್ದರೆ ಮಾತ್ರ ಗರ್ಭಪರೀಕ್ಷೆ ಮಾಡಿಕೊಳ್ಳುವುದು ಜಾಣತನ.

ಹಾಗಾದರೆ ಈ ಏಳು ದಿನದ ಬಿಡುವು ಯಾಕೆ? ಅಮೆರಿಕದಲ್ಲಿ 1960ರಲ್ಲಿ ಗರ್ಭನಿರೋಧಕ್ಕೆ ಅನುಮತಿ ಪಡೆದ ಮೊದಲ ಮಾತ್ರೆಯಲ್ಲೇ ಬಿಡುವಿನ ದಿನಗಳಿದ್ದವು. ತಿಂಗಳಿಗೊಮ್ಮೆ ಸ್ರಾವವಾದರೆ ಹೆಂಗಸರಿಗೆ ಇದು ಸಹಜ ಅನ್ನಿಸುತ್ತದೆ ಎಂಬುದು ಅದನ್ನು ರೂಪಿಸಿದವರ ಎಣಿಕೆ. ಆ ಬಿಡುವಿನಿಂದ ಆರೋಗ್ಯಕ್ಕೆ ಪ್ರಯೋಜನವೇನಿಲ್ಲ ಎಂದು ಬ್ರಿಟನ್ನಿನ ತಜ್ಞವೈದ್ಯರ ಮಾರ್ಗಸೂಚಿ 2019ರಲ್ಲಿ ಸ್ಪಷ್ಟವಾಗಿ ಹೇಳಿತು. ಬಿಡುವಿಲ್ಲದೆ ಹಾರ್ಮೋನ್ ಮಾತ್ರೆ ಮುಂದುವರಿಸುವ ಕ್ರಮವೂ ಇದೆ. ಆಗ ಮೊದಲ ಕೆಲವು ತಿಂಗಳು ನಡುನಡುವೆ ರಕ್ತ ಕಾಣಿಸಿಕೊಳ್ಳಬಹುದು. ಯಾರಿಗೆ ಯಾವ ಕ್ರಮ ಎಂಬುದನ್ನು ವೈದ್ಯರೇ ಹೇಳಬೇಕು.

ಸ್ರಾವ ಎರಡರಲ್ಲೂ ಆಗುತ್ತದೆ ಎಂದು ಎರಡಕ್ಕೂ ‘ಮುಟ್ಟು’ ಎಂಬ ಒಂದೇ ಹೆಸರು ಬೇಡ. ‘ಇದು ಮಾತ್ರೆ ನಿಲ್ಲಿಸಿದ್ದಕ್ಕೆ ಆಗುವ ಸ್ರಾವ, ಇದರಿಂದ ಅಂಡಾಶಯದ ಸ್ಥಿತಿ ತಿಳಿಯುವುದಿಲ್ಲ, ಗರ್ಭ ನಿಂತಿಲ್ಲವೆಂಬ ಖಾತ್ರಿಯೂ ಸಿಗುವುದಿಲ್ಲ’ ಎಂದು ಚೀಟಿ ಬರೆಯುವಾಗ ಹೇಳಲು ಅರ್ಧ ನಿಮಿಷ ಸಾಕು.